350 ಡಿಗ್ರಿ ಅಂದರೆ ಯಾವ ಡಿಗ್ರಿ?

ಕೇಕು, ಬ್ರೆಡ್ಡು, ಬಿಸ್ಕತ್ತುಗಳ ರೆಸಿಪಿ ಬರೆಯುವ ಬ್ಲಾಗ್ ಗೆಳೆಯ ಗೆಳತಿಯರ ಮೇಲೆ ನನ್ನದೊಂದು ತಕರಾರಿದೆ. ಮೈದಾ ಎಷ್ಟು ಕಪ್ಪು, ಬೆಣ್ಣೆ ಎಷ್ಟು ಚಮಚ, ಬಾಳೆಹಣ್ಣು ಎಷ್ಟು ಕಳಿತಿರಬೇಕು ಎಲ್ಲವನ್ನೂ ಚೆನ್ನಾಗಿ ಬರೆಯುತ್ತೀರಿ. ಬಾಯಲ್ಲಿ ನೀರೂರುವಂಥ ಫೋಟೋಗಳನ್ನೂ ಹಾಕುತ್ತೀರಿ. ಆಮೇಲೆ ಕೊನೆಗೆ ಬಂದು "ಓವನ್ನಿನಲ್ಲಿ 350 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿ" ಅಂತ ಒಂದೇ ಸಾಲು ಬರೆದು ಕೈ ತೊಳೆದುಕೊಂಡುಬಿಡುತ್ತೀರಿ. ಯಾವ ಡಿಗ್ರಿ ಸ್ವಾಮಿ? ಯಾವ ಓವನ್ನು?

ಇದು ಸುಮ್ಮನೆ ಕಾಲೆಳೆಯುವ ಮಾತಲ್ಲ. ಬರೆದವರು ಅಮೆರಿಕದಲ್ಲಿರುತ್ತಾರೆ, ಅಲ್ಲಿನ ಓವನ್ನಿನ ಮೇಲೆ ಫ್ಯಾರನ್‌ಹೀಟ್ ಇರುತ್ತದೆ. ಓದುವವರು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾರೆ. ಅವರ ಮನೆಯ ಓಟಿಜಿಯ ತಿರುಪು ಸಾಮಾನ್ಯವಾಗಿ 250ಕ್ಕೆ ಮುಗಿಯುತ್ತದೆ, ಅದೂ ಸೆಲ್ಸಿಯಸ್ಸಿನಲ್ಲಿ. "350 ಬೇಕಂತೆ, ನಮ್ಮದರಲ್ಲಿ ಅಷ್ಟು ಇಲ್ಲ, ಇರುವಷ್ಟು ಪೂರ್ತಿ ಇಡೋಣ" ಅಂತ ಕೊನೆಯವರೆಗೆ ತಿರುಗಿಸಿದರೆ ಮುಗಿಯಿತು. ಕೇಕಿಗೆ ಬೇಕಾದದ್ದು ಸುಮಾರು 180 ಸೆಲ್ಸಿಯಸ್, ಸಿಕ್ಕಿದ್ದು 250. ಇಪ್ಪತ್ತು ನಿಮಿಷಕ್ಕೆ ಮೇಲೆಲ್ಲ ಇದ್ದಿಲು, ಒಳಗೆ ಹಸಿ ಹಿಟ್ಟು. ಓದಿದವರು ರೆಸಿಪಿ ಸರಿಯಿಲ್ಲ ಅಂದುಕೊಳ್ಳುತ್ತಾರೆ, ಇಲ್ಲವೇ ತಮ್ಮ ಕೈಗೆ ಬೇಕಿಂಗ್ ಹತ್ತುವುದಿಲ್ಲ ಅಂದುಕೊಳ್ಳುತ್ತಾರೆ. ನಿಜದಲ್ಲಿ ಎರಡೂ ಅಲ್ಲ, ಒಂದು ಪದ ಬಿಟ್ಟುಹೋಗಿತ್ತು ಅಷ್ಟೇ.

ಹೀಗೇಕೆ ಬಿಟ್ಟುಹೋಗುತ್ತದೆ ಅಂತ ಯೋಚಿಸಿದರೆ ಕಾರಣ ನಮ್ಮ ಮಾತಿನಲ್ಲೇ ಇದೆ. "ಮಗುವಿಗೆ 102 ಜ್ವರ" ಅಂದರೆ ಯಾರೂ ಯಾವ ಡಿಗ್ರಿ ಅಂತ ಕೇಳುವುದಿಲ್ಲ, ಅದು ಫ್ಯಾರನ್‌ಹೀಟ್. "ಕಲಬುರಗಿಯಲ್ಲಿ 42 ಡಿಗ್ರಿ ಬಿಸಿಲು" ಅಂದರೂ ಯಾರೂ ಕೇಳುವುದಿಲ್ಲ, ಅದು ಸೆಲ್ಸಿಯಸ್. ಜ್ವರಕ್ಕೊಂದು ಮಾಪನ, ಬಿಸಿಲಿಗೊಂದು ಮಾಪನ ಇಟ್ಟುಕೊಂಡು, ಯಾವುದನ್ನೂ ಹೆಸರಿಸದೆ ನಾವು ಆರಾಮಾಗಿ ಬದುಕುತ್ತಿದ್ದೇವೆ. ಓವನ್ನಿಗೆ ಮಾತ್ರ ನಮ್ಮಲ್ಲಿ ಅಂಥ ರೂಢಿ ಇಲ್ಲ. ಅದು ನಮ್ಮ ಅಜ್ಜಿಯಂದಿರ ಅಡುಗೆಮನೆಯಲ್ಲಿ ಇರಲಿಲ್ಲವಲ್ಲ. ಹಾಗಾಗಿ ಇಲ್ಲಿ ಹೆಸರು ಹೇಳಲೇಬೇಕು.

ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ "176.67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ" ಅಂತ ದಶಮಾಂಶದ ಸಮೇತ ಬರೆಯುತ್ತಾರೆ. ನನ್ನ ಮಟ್ಟಿಗೆ ಇದೂ ಅಷ್ಟೇ ದಾರಿ ತಪ್ಪಿಸುವ ಬರಹ. ಲೆಕ್ಕ ಸರಿ, ಅರ್ಥ ತಪ್ಪು. ಯಾಕೆ ಅಂತ ಹೇಳುತ್ತೇನೆ.

ಈ 350 ಅನ್ನುವ ಸಂಖ್ಯೆ ಹುಟ್ಟಿದ್ದು ಹೇಗೆ ಅಂತ ನೋಡಿ. ಓವನ್ನಿಗೆ ಥರ್ಮೊಸ್ಟಾಟ್ ಬರುವ ಮೊದಲು ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲೂ ಡಿಗ್ರಿ ಇರುತ್ತಿರಲಿಲ್ಲ. ನಿಧಾನದ ಓವನ್, ಮಧ್ಯಮ ಓವನ್, ಬಿಸಿ ಓವನ್ ಅಂತ ಬರೆಯುತ್ತಿದ್ದರು. ನಾವು ಸಣ್ಣ ಉರಿ, ಹದವಾದ ಉರಿ, ಜೋರು ಉರಿ ಅನ್ನುವುದಿಲ್ಲವೇ, ಹಾಗೆಯೇ. ಥರ್ಮೊಸ್ಟಾಟ್ ಬಂದ ಮೇಲೆ ಆ ಪದಗಳಿಗೆ ಸಂಖ್ಯೆಗಳು ಅಂಟಿಕೊಂಡವು. ಮಧ್ಯಮ ಓವನ್ ಅನ್ನುವುದಕ್ಕೆ ಅಮೆರಿಕದಲ್ಲಿ ಸಿಕ್ಕ ಸಂಖ್ಯೆ 350 ಫ್ಯಾರನ್‌ಹೀಟ್. ಅಲ್ಲಿನ ರೆಸಿಪಿಗಳು 25ರ ಮೆಟ್ಟಿಲಿನಲ್ಲಿ ಹತ್ತುತ್ತವೆ: 300, 325, 350, 375, 400. ಎಲ್ಲಾದರೂ 347 ಫ್ಯಾರನ್‌ಹೀಟ್ ಅಂತ ಬರೆದ ಕೇಕಿನ ರೆಸಿಪಿ ನೋಡಿದ್ದೀರಾ? ಅಂದರೆ 350 ಅಂತ ಬರೆದವರ ಮನಸ್ಸಿನಲ್ಲಿ ಇರುವುದು "325 ಕಡಿಮೆಯಾಯಿತು, 375 ಜಾಸ್ತಿಯಾಯಿತು" ಅನ್ನುವಷ್ಟು ಮಾತ್ರ. ಅದನ್ನು 176.67 ಮಾಡಿದರೆ ಮೂಲದಲ್ಲಿ ಇಲ್ಲದ ನಿಖರತೆಯನ್ನು ನಾವೇ ಹುಟ್ಟಿಸಿದಂತೆ.

ಇಂಗ್ಲೆಂಡಿನ ಗ್ಯಾಸ್ ಮಾರ್ಕ್ ಕತೆಯೂ ಇದೇ. 1920ರ ದಶಕದಲ್ಲಿ ಅಲ್ಲಿನ ಗ್ಯಾಸ್ ಓವನ್ನುಗಳಿಗೆ "ರೆಗ್ಯುಲೊ" ಅನ್ನುವ ಥರ್ಮೊಸ್ಟಾಟ್ ಬಂತು. ಅದರ ತಿರುಪಿನ ಮೇಲೆ ಡಿಗ್ರಿಗಳ ಬದಲು ಬರೀ ಅಂಕಿಗಳಿದ್ದವು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ "ರೆಗ್ಯುಲೊ 4" ಅಂತ ಕಂಡರೆ ಅದು ಇದೇ, ಇವತ್ತಿನ ಗ್ಯಾಸ್ ಮಾರ್ಕ್ 4. ಇದರಲ್ಲಿ ಒಂದು ಅಂಕಿ ಮೇಲೆ ಹೋದರೆ 25 ಫ್ಯಾರನ್‌ಹೀಟ್ ಏರಿದ ಹಾಗೆ. ಗ್ಯಾಸ್ ಮಾರ್ಕ್ 1 ಅಂದರೆ 275 ಫ್ಯಾರನ್‌ಹೀಟ್, 2 ಅಂದರೆ 300, 4 ಅಂದರೆ 350. ಹಾಗಾಗಿ ಅಮೆರಿಕದ ಮೆಟ್ಟಿಲಿಗೂ ಇಂಗ್ಲೆಂಡಿನ ಮೆಟ್ಟಿಲಿಗೂ ಸರಿಯಾಗಿ ಕೂಡುತ್ತದೆ, ಒಂದು ಕೂದಲೆಳೆಯೂ ಆಚೀಚೆ ಆಗುವುದಿಲ್ಲ. ಹೊಂದದೆ ಇರುವುದು ಸೆಲ್ಸಿಯಸ್ ಮಾತ್ರ. ಅದರ ಮೆಟ್ಟಿಲು 10ರದ್ದು, ಇವುಗಳದ್ದು ಸೆಲ್ಸಿಯಸ್ಸಿನಲ್ಲಿ ಹೇಳಿದರೆ ಸುಮಾರು 14ರದ್ದು. ಆದ್ದರಿಂದ ಪ್ರತಿ ಸಲವೂ ಹತ್ತಿರದ ಹತ್ತಕ್ಕೆ ತಳ್ಳಬೇಕಾಗುತ್ತದೆ. ಒಂದು ಪುಸ್ತಕದ ಪಟ್ಟಿಯಲ್ಲಿ ಗ್ಯಾಸ್ ಮಾರ್ಕ್ 3ಕ್ಕೆ 160 ಅಂತಲೂ ಇನ್ನೊಂದರಲ್ಲಿ 170 ಅಂತಲೂ ಇರುವುದನ್ನು ನೋಡಿ ಯಾರದು ತಪ್ಪು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಜವಾದ ಬೆಲೆ 163. ಒಬ್ಬರು ಕೆಳಕ್ಕೆ ತಳ್ಳಿದ್ದಾರೆ, ಇನ್ನೊಬ್ಬರು ಮೇಲಕ್ಕೆ.

ಇಷ್ಟು ಗೊತ್ತಾದ ಮೇಲೆ ಲೆಕ್ಕ ಬಲು ಸುಲಭ. ಶಾಲೆಯಲ್ಲಿ ಕಲಿತ ಸೂತ್ರ ಎಲ್ಲರಿಗೂ ನೆನಪಿರುತ್ತದೆ: ಫ್ಯಾರನ್‌ಹೀಟಿನಿಂದ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ. ಹಿಟ್ಟು ಮೆತ್ತಿದ ಕೈಯಲ್ಲಿ ಇದನ್ನು ಮಾಡುವ ಅಗತ್ಯವಿಲ್ಲ. ಓವನ್ನಿನ ಮಟ್ಟಿಗೆ ಫ್ಯಾರನ್‌ಹೀಟನ್ನು ಅರ್ಧ ಮಾಡಿದರೆ ಸಾಕು. 300ರ ಅರ್ಧ 150, ನಿಜವಾದದ್ದು 149. 350ರ ಅರ್ಧ 175, ನಿಜವಾದದ್ದು 177. 400ರ ಅರ್ಧ 200, ನಿಜವಾದದ್ದು 204. ಈ ಎರಡು ಲೆಕ್ಕಗಳು ಸರಿಯಾಗಿ ಒಂದೇ ಆಗುವುದು 320 ಫ್ಯಾರನ್‌ಹೀಟಿನಲ್ಲಿ, ಅಲ್ಲಿ ಎರಡೂ 160. ಅಲ್ಲಿಂದ ದೂರ ಹೋದಷ್ಟೂ ವ್ಯತ್ಯಾಸ ಬೆಳೆಯುತ್ತದೆ. ನಮ್ಮ ಅದೃಷ್ಟಕ್ಕೆ ಬೇಕಿಂಗ್ ಎಲ್ಲವೂ ಇದರ ಆಸುಪಾಸಿನಲ್ಲೇ ನಡೆಯುತ್ತದೆ. 425 ದಾಟಿದರೆ ಮಾತ್ರ ಅರ್ಧ ಮಾಡಿ ಮೇಲೆ ಒಂದೈದಾರು ಡಿಗ್ರಿ ಸೇರಿಸಿ.

ಗ್ಯಾಸ್ ಮಾರ್ಕ್ ಇದ್ದರೆ 25ರಿಂದ ಗುಣಿಸಿ 250 ಕೂಡಿಸಿ, ಫ್ಯಾರನ್‌ಹೀಟ್ ಬಂತು. ಅದನ್ನು ಅರ್ಧ ಮಾಡಿ, ಸೆಲ್ಸಿಯಸ್ ಬಂತು. ಗ್ಯಾಸ್ ಮಾರ್ಕ್ 6 ಅಂದರೆ 150 ಕೂಡಿಸು 250, ಒಟ್ಟು 400. ಅರ್ಧ ಮಾಡಿದರೆ 200. ಒಂದಕ್ಕಿಂತ ಕಡಿಮೆ ಇರುವ ಅರ್ಧ ಮತ್ತು ಕಾಲು ಮಾರ್ಕುಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅರ್ಧ ಅಂದರೆ 250 ಫ್ಯಾರನ್‌ಹೀಟ್, ಕಾಲು ಅಂದರೆ 225, ಅಷ್ಟು ನೆನಪಿಟ್ಟರೆ ಆಯಿತು. ದಿನಬಳಕೆಗೆ ಬರುವವು ಇಷ್ಟೇ. ಬೇಕಾದರೆ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ:

ಗ್ಯಾಸ್ ಮಾರ್ಕ್ 2 – 300 ಫ್ಯಾರನ್‌ಹೀಟ್ – 150 ಸೆಲ್ಸಿಯಸ್
ಗ್ಯಾಸ್ ಮಾರ್ಕ್ 3 – 325 ಫ್ಯಾರನ್‌ಹೀಟ್ – 160 ಸೆಲ್ಸಿಯಸ್
ಗ್ಯಾಸ್ ಮಾರ್ಕ್ 4 – 350 ಫ್ಯಾರನ್‌ಹೀಟ್ – 180 ಸೆಲ್ಸಿಯಸ್
ಗ್ಯಾಸ್ ಮಾರ್ಕ್ 5 – 375 ಫ್ಯಾರನ್‌ಹೀಟ್ – 190 ಸೆಲ್ಸಿಯಸ್
ಗ್ಯಾಸ್ ಮಾರ್ಕ್ 6 – 400 ಫ್ಯಾರನ್‌ಹೀಟ್ – 200 ಸೆಲ್ಸಿಯಸ್
ಗ್ಯಾಸ್ ಮಾರ್ಕ್ 7 – 425 ಫ್ಯಾರನ್‌ಹೀಟ್ – 220 ಸೆಲ್ಸಿಯಸ್
ಗ್ಯಾಸ್ ಮಾರ್ಕ್ 8 – 450 ಫ್ಯಾರನ್‌ಹೀಟ್ – 230 ಸೆಲ್ಸಿಯಸ್

(ಸೆಂಟಿಗ್ರೇಡ್ ಅಂತ ಬರೆದಿದ್ದರೂ ಅದು ಸೆಲ್ಸಿಯಸ್ಸೇ. ಹೆಸರು ಹಳೆಯದು, ಡಿಗ್ರಿ ಅದೇ.)

ಈಗ ಯಾರಾದರೂ ಕೇಳಬಹುದು, "ಅಲ್ಲ ಮಾರಾಯ್ರೆ, ಬೇಕಿಂಗ್ ಅಂದರೆ ವಿಜ್ಞಾನ, ಗ್ರಾಂ ಲೆಕ್ಕದಲ್ಲಿ ತೂಕ ಮಾಡಿ ಅಂತೀರಿ, ಡಿಗ್ರಿಯಲ್ಲಿ ಮಾತ್ರ ಹೀಗೆ ಅಂದಾಜು ಹೊಡೆಯಬಹುದಾ?" ಹೊಡೆಯಬಹುದು, ಯಾಕೆಂದರೆ ಓವನ್ನೇ ಅಂದಾಜಿನ ಮೇಲೆ ನಡೆಯುವ ಯಂತ್ರ. ನೀವು 180ಕ್ಕೆ ಇಟ್ಟರೆ ಒಳಗಿನ ಗಾಳಿ 180ರಲ್ಲಿ ಸುಮ್ಮನೆ ನಿಂತಿರುವುದಿಲ್ಲ. ರಾಡುಗಳು ಹೊತ್ತಿಕೊಂಡು, 180 ದಾಟಿ, ಆರಿ, ಶಾಖ ಇಳಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತವೆ. ಈ ಏರಿಳಿತ ಮೇಲಕ್ಕೆ ಹತ್ತು, ಕೆಳಕ್ಕೆ ಹತ್ತು ಡಿಗ್ರಿ ಇದ್ದರೆ ಅದು ಮಾಮೂಲು. ಇದರ ಜೊತೆಗೆ ತಿರುಪಿನ ಗುರುತೇ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಇರುವುದೂ ಸಾಮಾನ್ಯ. ಇಂಥ ಯಂತ್ರದ ಮುಂದೆ 175ಕ್ಕೂ 177ಕ್ಕೂ ಇರುವ ಅಂತರ ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ಈ ಅರ್ಧದ ಉಪಾಯವನ್ನು ಎಲ್ಲ ಕಡೆ ಬಳಸಬೇಡಿ. ಓವನ್ನಿನ ಡಿಗ್ರಿ ಸುತ್ತಲಿನ ಗಾಳಿಯದ್ದು. ಅಡುಗೆಯ ಒಳಗಿನ ಡಿಗ್ರಿ ಬೇರೆ ಸಂಗತಿ, ಅಲ್ಲಿ ನಾಲ್ಕು ಡಿಗ್ರಿಯೂ ಮುಖ್ಯ. ಅತ್ಯುತ್ತಮ ಉದಾಹರಣೆ ಸಕ್ಕರೆ ಪಾಕ. ಅಮೆರಿಕದ ಪುಸ್ತಕದಲ್ಲಿ ಪಾಕವನ್ನು 240 ಫ್ಯಾರನ್‌ಹೀಟಿಗೆ ತನ್ನಿ ಅಂತ ಇದ್ದರೆ ಅದು ಮೆತ್ತನೆಯ ಉಂಡೆ ಪಾಕ, ನೀರಿಗೆ ಹಾಕಿ ಬೆರಳಲ್ಲಿ ಹಿಡಿದರೆ ಮೃದುವಾದ ಉಂಡೆ ಆಗುವ ಹದ. ನಿಜವಾದ ಲೆಕ್ಕದಲ್ಲಿ ಅದು 116 ಸೆಲ್ಸಿಯಸ್. ಅರ್ಧ ಮಾಡಿ 120ಕ್ಕೆ ಕಾಯಿಸಿದರೆ ಪಾಕ ಮುಂದಿನ ಹದಕ್ಕೆ, ಗಟ್ಟಿ ಉಂಡೆಗೆ ಹೋಗಿರುತ್ತದೆ. ಒಂದೆಳೆ ಪಾಕಕ್ಕೂ ಎರಡೆಳೆ ಪಾಕಕ್ಕೂ ಇರುವ ಕಷ್ಟ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾಕ, ಬ್ರೆಡ್ಡಿನ ಒಳಮೈ ಇಂಥವಕ್ಕೆ ಪೂರ್ತಿ ಸೂತ್ರವನ್ನೇ ಬಳಸಿ.

ಇನ್ನೊಂದು ಕಡೆಯೂ ಸೂತ್ರ ಕೈಕೊಡುತ್ತದೆ, ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅಮೆರಿಕದ ರೆಸಿಪಿಗಳ ಕೆಳಗೆ "ಕಪ್ಪು ಟಿನ್ ಅಥವಾ ಗಾಜಿನ ಪಾತ್ರೆಯಾದರೆ 25 ಡಿಗ್ರಿ ಕಡಿಮೆ ಮಾಡಿ" ಅನ್ನುವ ಟಿಪ್ಪಣಿ ಇರುತ್ತದೆ. ಈ 25ನ್ನು ಹಾಗೇ ಪರಿವರ್ತಕಕ್ಕೆ ಕೊಟ್ಟರೆ ಉತ್ತರ ಮೈನಸ್ 4 ಅಂತ ಬರುತ್ತದೆ! 25 ಫ್ಯಾರನ್‌ಹೀಟ್ ಅಂದರೆ ನೀರು ಹೆಪ್ಪುಗಟ್ಟುವುದಕ್ಕಿಂತ ಕೆಳಗಿನ ಚಳಿ, ಪರಿವರ್ತಕದ ಉತ್ತರ ಸರಿಯೇ. ಆದರೆ ರೆಸಿಪಿ ಹೇಳುತ್ತಿರುವುದು ಒಂದು ಉಷ್ಣತೆಯನ್ನಲ್ಲ, ಎರಡು ಉಷ್ಣತೆಗಳ ನಡುವಿನ ಅಂತರವನ್ನು. ಅಂತರಕ್ಕೆ 32ರ ಗೊಡವೆ ಇಲ್ಲ, 5ರಿಂದ ಗುಣಿಸಿ 9ರಿಂದ ಭಾಗಿಸಿದರೆ ಆಯಿತು. 25 ಫ್ಯಾರನ್‌ಹೀಟ್ ಅಂತರ ಅಂದರೆ 14 ಸೆಲ್ಸಿಯಸ್, ತಿರುಪಿಗೆ ಹೊಂದುವ ಹಾಗೆ 15 ಅಂತ ಇಟ್ಟುಕೊಳ್ಳಿ. ಗೊಂದಲ ಬೇಡವೆಂದರೆ ಮೊದಲು ಫ್ಯಾರನ್‌ಹೀಟಿನಲ್ಲೇ ಕಳೆದುಬಿಡಿ, 350 ಇದ್ದದ್ದು 325 ಆಗಲಿ, ಆಮೇಲೆ ಬದಲಾಯಿಸಿ.

ಇಲ್ಲಿಯವರೆಗೆ ಹೇಳಿದ್ದು ಲೆಕ್ಕದ ಮಾತು. ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವುದು ಫ್ಯಾನಿನಿಂದ. ರೆಸಿಪಿ ಬದಲಾಯಿಸಿ ಬರೆಯುವವರು ಹೆಚ್ಚಾಗಿ ಮರೆಯುವುದೂ ಅದನ್ನೇ.

ಅಮೆರಿಕದ ರೆಸಿಪಿಯಲ್ಲಿ ಬೇರೇನೂ ಹೇಳದೆ 350 ಅಂತಿದ್ದರೆ ಅದು ಫ್ಯಾನ್ ಇಲ್ಲದ ಸಾದಾ ಓವನ್ನಿಗೆ ಬರೆದದ್ದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇರುವುದು ಕನ್ವೆಕ್ಷನ್ ಮೈಕ್ರೋವೇವ್. ಅದನ್ನು ಕನ್ವೆಕ್ಷನ್ ಮೋಡಿಗೆ ಹಾಕಿದಾಗ ಒಳಗೆ ಫ್ಯಾನು ಬಿಸಿಗಾಳಿಯನ್ನು ಬೀಸುತ್ತಲೇ ಇರುತ್ತದೆ. ಬೀಸುವ ಗಾಳಿ ಕೇಕಿನ ಮೈಗೆ ಶಾಖವನ್ನು ಬೇಗ ಮುಟ್ಟಿಸುತ್ತದೆ. ಅಷ್ಟೇ ಡಿಗ್ರಿಯ ಬಿಸಿಲಿದ್ದರೂ ಗಾಳಿ ಬೀಸಿದ ದಿನ ಒಗೆದ ಬಟ್ಟೆ ಬೇಗ ಒಣಗುವುದಿಲ್ಲವೇ, ಹೆಚ್ಚುಕಡಿಮೆ ಹಾಗೆಯೇ. ಆದ್ದರಿಂದ ಫ್ಯಾನ್ ಓವನ್ನಿಗೆ ಡಿಗ್ರಿ ಇಳಿಸಬೇಕು. ಇಂಗ್ಲೆಂಡಿನವರು 20 ಸೆಲ್ಸಿಯಸ್ ಇಳಿಸುತ್ತಾರೆ, ಅಲ್ಲಿನ ರೆಸಿಪಿಗಳಲ್ಲಿ ಸಾದಾ ಓವನ್ 180, ಫ್ಯಾನ್ ಓವನ್ 160, ಗ್ಯಾಸ್ 4 ಅಂತ ಮೂರನ್ನೂ ಒಂದೇ ಸಾಲಿನಲ್ಲಿ ಕೊಟ್ಟಿರುತ್ತಾರೆ. ಅಮೆರಿಕದವರು 25 ಫ್ಯಾರನ್‌ಹೀಟ್ ಇಳಿಸಿ ಅನ್ನುತ್ತಾರೆ, ಅದು ಈಗ ನೋಡಿದ ಹಾಗೆ 14 ಸೆಲ್ಸಿಯಸ್ ಮಾತ್ರ. ಇಬ್ಬರ ರೂಢಿಯೂ ಬೇರೆ ಬೇರೆ, ಇಬ್ಬರ ಕೇಕೂ ಚೆನ್ನಾಗಿಯೇ ಬರುತ್ತದೆ. ಇದೆಲ್ಲ ಎಷ್ಟು ಅಂದಾಜಿನದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಅಂದಾಜು ಅಂತ ಇದನ್ನು ಬಿಟ್ಟೇಬಿಡುವ ಹಾಗಿಲ್ಲ. ದಶಮಾಂಶ ಬಿಟ್ಟರೆ ಮೂರು ಡಿಗ್ರಿ ವ್ಯತ್ಯಾಸ, ಫ್ಯಾನ್ ಮರೆತರೆ ಇಪ್ಪತ್ತು. 176.67 ಅಂತ ಬರೆದು ಫ್ಯಾನಿನ ಸುದ್ದಿ ಎತ್ತದವರು ಚಿಲ್ಲರೆ ಎಣಿಸಿ ನೋಟಿನ ಕಟ್ಟನ್ನು ಅಂಗಡಿಯಲ್ಲೇ ಬಿಟ್ಟುಬಂದ ಹಾಗೆ. ಇಲ್ಲೊಂದು ಪದಗಳ ಬಲೆಯೂ ಇದೆ. ಇಂಗ್ಲಿಷಿನ ಕನ್ವೆನ್ಷನಲ್ ಓವನ್ ಅಂದರೆ ಫ್ಯಾನ್ ಇಲ್ಲದ್ದು, ಕನ್ವೆಕ್ಷನ್ ಓವನ್ ಅಂದರೆ ಫ್ಯಾನ್ ಇರುವುದು. ಅವಸರದಲ್ಲಿ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ, ಅರ್ಥ ಮಾತ್ರ ವಿರುದ್ಧ. ಕನ್ನಡದಲ್ಲಿ ಬರೆಯುವಾಗ ಎರಡನ್ನೂ ಬಿಟ್ಟು "ಫ್ಯಾನ್ ಇರುವ ಓವನ್", "ಫ್ಯಾನ್ ಇಲ್ಲದ ಓವನ್" ಅಂದರೆ ಯಾರಿಗೂ ತಪ್ಪುವುದಿಲ್ಲ.

ಒಂದು ರೆಸಿಪಿಯನ್ನು ಹಿಡಿದು ಪೂರ್ತಿ ಬದಲಾಯಿಸಿಯೇ ನೋಡೋಣ. ಅಮೆರಿಕದ ಬನಾನಾ ಬ್ರೆಡ್, ಹೆಸರಿಗೆ ಬ್ರೆಡ್ಡು, ನಿಜದಲ್ಲಿ ಬಾಳೆಹಣ್ಣಿನ ಕೇಕು. ಸಾಮಾನ್ಯವಾಗಿ ಹೀಗಿರುತ್ತದೆ: 350 ಡಿಗ್ರಿ, 9 ಇಂಚು ಉದ್ದ 5 ಇಂಚು ಅಗಲದ ಟಿನ್, 60 ನಿಮಿಷ, ಕಪ್ಪು ಟಿನ್ ಆದರೆ 25 ಡಿಗ್ರಿ ಕಡಿಮೆ. ಮಾಡಲು ಹೊರಟವರ ಬಳಿ ಇರುವುದು ಕನ್ವೆಕ್ಷನ್ ಮೈಕ್ರೋವೇವ್ ಮತ್ತು ಕಪ್ಪು ನಾನ್‌ಸ್ಟಿಕ್ ಟಿನ್.

ಮೊದಲು, ಇದು ಯಾವ ಡಿಗ್ರಿ? 350 ಸೆಲ್ಸಿಯಸ್ ಮನೆಯ ಓವನ್ನುಗಳಲ್ಲಿ ಇರುವುದಿಲ್ಲ, ಹಾಗಾಗಿ ಫ್ಯಾರನ್‌ಹೀಟ್. ಅರ್ಧ ಮಾಡಿದರೆ 175, ಹತ್ತಿರದ ಹತ್ತಕ್ಕೆ 180. ಫ್ಯಾನ್ ಇದೆ, 20 ಇಳಿಸಿದರೆ 160. ಟಿನ್ ಕಪ್ಪಗಿದೆ. ಕಪ್ಪು ಟಿನ್ ಶಾಖವನ್ನು ಹೆಚ್ಚು ಹೀರುತ್ತದೆ, ತಳ ಮತ್ತು ಅಂಚು ಬೇಗ ಕೆಂಪಾಗುತ್ತವೆ. ಪೂರ್ತಿ ಇನ್ನೊಂದು 15 ಇಳಿಸಿದರೆ 145 ಆಗುತ್ತದೆ. ಫ್ಯಾನಿಗಾಗಿ ಈಗಾಗಲೇ ಇಳಿಸಿರುವುದರಿಂದ ನಾನು 150ಕ್ಕೆ ನಿಲ್ಲಿಸುತ್ತೇನೆ. ಇದು ತೀರ ಕಡಿಮೆಯಾದರೆ ಐದು ನಿಮಿಷ ಹೆಚ್ಚು ಬೇಯಿಸಬಹುದು, ಹೊತ್ತಿಹೋದದ್ದನ್ನು ಮಾತ್ರ ಹಿಂದಕ್ಕೆ ತರಲಾಗುವುದಿಲ್ಲ. ಡಿಗ್ರಿ ಇಳಿಸಿದ್ದೇವೆ, ಹಾಗಾಗಿ ಹೊತ್ತನ್ನು ಇಳಿಸುವುದು ಬೇಡ, 60 ನಿಮಿಷವೇ ಇರಲಿ. ಆದರೆ 45 ನಿಮಿಷಕ್ಕೆ ಒಮ್ಮೆ ಇಣುಕಿ ನೋಡಬೇಕು. ಅದಕ್ಕೂ ಮೊದಲು ಬಾಗಿಲು ತೆಗೆದರೆ ಬಿಸಿಗಾಳಿ ಹೊರಗೆ ಹೋಗಿ, ಉಬ್ಬುತ್ತಿರುವ ಕೇಕು ಕುಸಿಯಬಹುದು. ಇನ್ನೊಂದು ಮಾತು, ಲೋಹದ ಟಿನ್ ಬರೀ ಕನ್ವೆಕ್ಷನ್ ಮೋಡಿಗೆ ಮಾತ್ರ. ಮೈಕ್ರೋವೇವ್ ಕೂಡ ನಡೆಯುವ ಕಾಂಬಿನೇಷನ್ ಮೋಡಿನಲ್ಲಿ ಬೇಡ.

ಈಗ ಕೇಕೇ ಮಾತಾಡುತ್ತದೆ. ನಡುಮಧ್ಯಕ್ಕೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು, ಅಂಚು ಟಿನ್ನಿನಿಂದ ತುಸು ಬಿಟ್ಟುಕೊಂಡಿರಬೇಕು, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಮತ್ತೆ ಮೇಲೇಳಬೇಕು. ಮೇಲ್ಭಾಗ ಕಂದುಗಟ್ಟಿ ನಡುವೆ ಇನ್ನೂ ಹಸಿ ಇದ್ದರೆ ಶಾಖ ಹೆಚ್ಚಾಯಿತು ಅಂತ ಅರ್ಥ. ಮೇಲೆ ಫಾಯಿಲ್ ಮುಚ್ಚಿ, ಹತ್ತು ಡಿಗ್ರಿ ಇಳಿಸಿ, ಮುಂದುವರಿಸಿ. ಫ್ಯಾನಿನ ಗಾಳಿಗೆ ಫಾಯಿಲ್ ಹಾರದಂತೆ ಟಿನ್ನಿನ ಅಂಚಿಗೆ ಮಡಚಿ. ಗಂಟೆ ದಾಟಿದರೂ ಬಣ್ಣವೇ ಬರದೆ ಬಿಳಿಚಿಕೊಂಡು, ಒಳಗೆ ಒಣಗುತ್ತಿದ್ದರೆ ಶಾಖ ಕಡಿಮೆ, ಮುಂದಿನ ಸಲ 160ಕ್ಕೆ ಇಡಿ. ಆ ಅಂಕಿಯನ್ನು ರೆಸಿಪಿಯ ಪಕ್ಕದಲ್ಲಿ ಬರೆದುಕೊಂಡರೆ ನಿಮ್ಮ ಓವನ್ನಿನ ಮಟ್ಟಿಗೆ ಅದೇ ಸರಿಯಾದ ಪರಿವರ್ತನೆ.

ಓಟಿಜಿ ಇರುವವರಿಗೆ ಫ್ಯಾನಿನ ಕಳೆಯುವಿಕೆ ಬೇಡ, ಫ್ಯಾನ್ ಇರುವ ಮಾಡೆಲ್ ಹೊರತು. ಅಲ್ಲಿನ ತೊಂದರೆ ಬೇರೆ. ಡಬ್ಬಿ ಚಿಕ್ಕದು, ಮೇಲಿನ ರಾಡು ಕೇಕಿನ ತಲೆಗೆ ತೀರ ಹತ್ತಿರ. ಗಾಳಿ 180ರಲ್ಲೇ ಇದ್ದರೂ ಕೆಂಪಗೆ ಕಾದ ರಾಡಿನ ನೇರ ಶಾಖ ಮೇಲ್ಭಾಗವನ್ನು ಸುಡುತ್ತದೆ. ಇದಕ್ಕೆ ಡಿಗ್ರಿ ಬದಲಿಸುವುದಕ್ಕಿಂತ ತಟ್ಟೆಯನ್ನು ಒಂದು ಮೆಟ್ಟಿಲು ಕೆಳಗಿಡುವುದು, ಬಣ್ಣ ಬಂದ ಮೇಲೆ ಕೆಳಗಿನ ರಾಡನ್ನು ಮಾತ್ರ ಉಳಿಸಿಕೊಳ್ಳುವುದು ಒಳ್ಳೆಯದು. ಇಂಗ್ಲೆಂಡಿನ ಗ್ಯಾಸ್ ಓವನ್ನಿನಲ್ಲೂ ಇಂಥದೇ ಸಂಗತಿ ಇದೆ. ಅಲ್ಲಿ ಗ್ಯಾಸ್ ಮಾರ್ಕ್ ಹೇಳುವುದು ನಡುವಿನ ತಟ್ಟೆಯ ಶಾಖವನ್ನು. ಮೇಲಿನ ತಟ್ಟೆ ಅದಕ್ಕಿಂತ ಬಿಸಿ, ಕೆಳಗಿನದು ತಂಪು. ಹಳೆಯ ಇಂಗ್ಲಿಷ್ ರೆಸಿಪಿಯಲ್ಲಿ "ಮೇಲಿನ ತಟ್ಟೆಯಲ್ಲಿ" ಅಂತಿದ್ದರೆ ಅದನ್ನು ಓಟಿಜಿಯ ಮೇಲಿನ ತಟ್ಟೆ ಅಂತ ತಿಳಿಯದೆ, ನಡುವೆಯೇ ಇಟ್ಟು ಹತ್ತು ಡಿಗ್ರಿ ಹೆಚ್ಚಿಸಿದರೆ ಸಾಕು.

ನಿಮ್ಮ ತಿರುಪು ನಿಜ ಹೇಳುತ್ತಿದೆಯೋ ಇಲ್ಲವೋ ಅನ್ನುವುದಕ್ಕೆ ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಸಿಗುತ್ತದೆ. ಅರ್ಧ ಗಂಟೆ ಕಾಯಿಸಿ, ಐದೈದು ನಿಮಿಷಕ್ಕೆ ಮೂರ್ನಾಲ್ಕು ಸಲ ನೋಡಿ ಸರಾಸರಿ ಹಿಡಿಯಿರಿ, ಒಂದೇ ಸಲ ನೋಡಿದರೆ ಏರಿಳಿತದ ಯಾವುದೋ ಒಂದು ತುದಿ ಕಾಣಿಸುತ್ತದೆ. ಅದು ಇಲ್ಲದಿದ್ದರೆ ಸಕ್ಕರೆಯ ಒರಟು ಪರೀಕ್ಷೆ ಇದೆ. ಸಕ್ಕರೆ ಕರಗುವುದು ಸುಮಾರು 186 ಸೆಲ್ಸಿಯಸ್‌ನಲ್ಲಿ. ಚೆನ್ನಾಗಿ ಕಾದ ಓವನ್ನಿನಲ್ಲಿ ಫಾಯಿಲಿನ ಮೇಲೆ ಒಂದು ಚಮಚ ಸಕ್ಕರೆ ಇಟ್ಟು ಕಾಲು ಗಂಟೆ ಬಿಡಿ. 175ಕ್ಕೆ ಇಟ್ಟಾಗ ಹರಳು ಹರಳಾಗಿಯೇ ಉಳಿದು, 190ಕ್ಕೆ ಇಟ್ಟಾಗ ಕರಗಿದರೆ ತಿರುಪು ನಂಬಬಹುದಾದದ್ದು. 175ರಲ್ಲೇ ಕರಗಿದರೆ ಓವನ್ನು ಹೇಳುವುದಕ್ಕಿಂತ ಬಿಸಿ, 190ರಲ್ಲೂ ಕರಗದಿದ್ದರೆ ತಣ್ಣಗೆ. ಪರಿವರ್ತನೆಯ ಲೆಕ್ಕವನ್ನು ಎಷ್ಟೇ ಸರಿಯಾಗಿ ಮಾಡಿದರೂ ಈ ತಪ್ಪು ಅದರಿಂದ ಹೋಗುವುದಿಲ್ಲ.

ಡಿಗ್ರಿಯ ಹೆಸರೇ ಇಲ್ಲದ ರೆಸಿಪಿ ಎದುರಾದಾಗ ಏನು ಮಾಡುವುದು? 300ರಿಂದ ಮೇಲಿದ್ದರೆ ಫ್ಯಾರನ್‌ಹೀಟ್, 140ರಿಂದ 190ರ ಒಳಗಿದ್ದರೆ ಬಹುತೇಕ ಸೆಲ್ಸಿಯಸ್. 200ರಿಂದ 250ರ ನಡುವೆ ಮಾತ್ರ ನಿಂತು ಯೋಚಿಸಬೇಕು. ಅಲ್ಲಿ ಎರಡೂ ಸಾಧ್ಯ, ನಿರ್ಧರಿಸುವುದು ಹೊತ್ತು. ಮೊಟ್ಟೆಯ ಬಿಳಿಯ ಮೆರಾಂಗ್ "200 ಡಿಗ್ರಿ, ಎರಡು ಗಂಟೆ" ಅಂತಿದ್ದರೆ ಅದು ಫ್ಯಾರನ್‌ಹೀಟ್, ಅಂದರೆ ಸುಮಾರು 95 ಸೆಲ್ಸಿಯಸ್, ಬೇಯಿಸುವುದಕ್ಕಿಂತ ಒಣಗಿಸುವ ಕೆಲಸ. ಅದೇ "ಪಿಜ್ಜಾ, 250 ಡಿಗ್ರಿ, 10 ನಿಮಿಷ" ಅಂತಿದ್ದರೆ ಸೆಲ್ಸಿಯಸ್. ಗಂಟೆಗಟ್ಟಲೆ ಇದ್ದರೆ ಫ್ಯಾರನ್‌ಹೀಟ್, ನಿಮಿಷಗಳಿದ್ದರೆ ಸೆಲ್ಸಿಯಸ್.

ಓದುಗರಿಗೆ ಈ ಪತ್ತೇದಾರಿ ಕೆಲಸ ಯಾಕೆ ಕೊಡಬೇಕು ಅನ್ನುವುದೇ ನನ್ನ ಪ್ರಶ್ನೆ. ಕನ್ನಡದಲ್ಲಿ ಬರೆದ ರೆಸಿಪಿಯನ್ನು ನ್ಯೂಜೆರ್ಸಿಯಲ್ಲಿರುವವರೂ ಓದುತ್ತಾರೆ, ಲಂಡನ್ನಿನಲ್ಲಿರುವವರೂ ಓದುತ್ತಾರೆ, ಶಿವಮೊಗ್ಗದಲ್ಲಿರುವವರೂ ಓದುತ್ತಾರೆ. ಭಾಷೆ ಒಂದೇ, ಓವನ್ನಿನ ತಿರುಪು ಮೂರು ಥರ. ಹಾಗಾಗಿ ಇನ್ನು ಮುಂದೆ ಕೊನೆಯ ಸಾಲನ್ನು ಹೀಗೆ ಬರೆಯೋಣ ಅಂತ ನನ್ನ ಸೂಚನೆ:

"180 ಸೆಲ್ಸಿಯಸ್ (ಫ್ಯಾನ್ ಇದ್ದರೆ 160), 350 ಫ್ಯಾರನ್‌ಹೀಟ್, ಗ್ಯಾಸ್ ಮಾರ್ಕ್ 4. ನಾನು ಮಾಡಿದ್ದು ಫ್ಯಾನ್ ಇಲ್ಲದ ಓಟಿಜಿಯಲ್ಲಿ, ತಿಳಿ ಬಣ್ಣದ 9 ಇಂಚಿನ ಟಿನ್ನಿನಲ್ಲಿ. 45 ನಿಮಿಷಕ್ಕೆ ನೋಡಿ, ಕಡ್ಡಿಗೆ ಹಿಟ್ಟು ಅಂಟದಿದ್ದರೆ ಆಯಿತು."

ಇದರಲ್ಲಿ ತೀರ ಬೇಕಾದವು ಮೂರು: ಡಿಗ್ರಿಯ ಹೆಸರು, ನೀವು ಬಳಸಿದ ಓವನ್ನು, ಆಯಿತು ಅನ್ನುವ ಗುರುತು. ಮಿಕ್ಕ ಲೆಕ್ಕವನ್ನು ಓದುವವರು ಮಾಡಿಕೊಂಡಾರು. ಹಳೆಯ ಪೋಸ್ಟುಗಳಲ್ಲಿ ಬರೀ "350 ಡಿಗ್ರಿ" ಅಂತ ಉಳಿದಿದ್ದರೆ ಬಿಡುವಾದಾಗ ತಿದ್ದಿಬಿಡಿ, ಎಷ್ಟೋ ವರ್ಷದ ಹಿಂದಿನ ರೆಸಿಪಿಯನ್ನೂ ಯಾರಾದರೂ ಹುಡುಕಿಕೊಂಡು ಬಂದು ಮಾಡುತ್ತಿರುತ್ತಾರೆ. ನಿಮ್ಮ ಮನೆಯ ಓವನ್ನು ತಿರುಪಿಗಿಂತ ಎಷ್ಟು ಡಿಗ್ರಿ ಆಚೀಚೆ ಇದೆ ಅಂತ ಗೊತ್ತಿದ್ದರೆ ಕೆಳಗೆ ಬರೆಯಿರಿ, ಸಕ್ಕರೆ ಪರೀಕ್ಷೆ ಮಾಡಿದವರು ಅದರ ಕತೆಯನ್ನೂ ಹೇಳಿ.